ಎರಡೂ ಕಡೆ ಕರೆಂಟ್ ರೇಶಿಯೋ 1.5: ಲಾರಿ ಬಾಡಿಗೆಯ ಬಾಕಿ ಯಾರಿಗೆ ಬಿಡಬಹುದು?

ಶಿವಮೊಗ್ಗದಲ್ಲಿ ಅಂಗಡಿ, ಮಂಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಮಳೆ ಹಿಡಿಯುವ ಸ್ವಲ್ಪ ಮುಂಚೆ ನಮ್ಮ ಬೀದಿಯ ಲಾರಿ ಮಾಲೀಕರೊಬ್ಬರು ಎರಡು ಬ್ಯಾಲೆನ್ಸ್ ಶೀಟ್ ಹಿಡಿದುಕೊಂಡು ಬಂದರು. ಒಂದು ಅಡಿಕೆ ವ್ಯಾಪಾರದ್ದು. ಇವರ ಲಾರಿಯಲ್ಲಿ ಉತ್ತರ ಭಾರತಕ್ಕೆ ಅಡಿಕೆ ಹೋಗುತ್ತದೆ. ಇನ್ನೊಂದು ಕೃಷಿ ಯಂತ್ರಗಳ ಅಂಗಡಿಯದ್ದು. ಅವರಿಗೆ ಕಳೆ ಕೊಚ್ಚುವ ಯಂತ್ರ, ಪಂಪ್‌ಸೆಟ್, ಅಡಿಕೆ ಸುಲಿಯುವ ಯಂತ್ರ ಹೊರಗಿನಿಂದ ಬರುತ್ತವೆ. ಇಷ್ಟು ದಿನ ಇಬ್ಬರೂ ಸರಕು ಇಳಿಸಿದ ಕೂಡಲೇ ಬಾಡಿಗೆ ಕೊಡುತ್ತಿದ್ದರು. ಈಗ ಇಬ್ಬರೂ 45 ದಿನದ ಬಾಕಿ ಕೇಳುತ್ತಿದ್ದಾರೆ. ಒಬ್ಬೊಬ್ಬರ ಕಡೆ ಸುಮಾರು 4 ಲಕ್ಷ ನಿಲ್ಲುತ್ತದೆ.

"ಅಕ್ಕ, ಇಬ್ಬರದ್ದೂ ಕರೆಂಟ್ ರೇಶಿಯೋ 1.5 ಅಂತೆ. ಬ್ಯಾಂಕಿನವರು ಒಳ್ಳೇದೇ ಅಂದ್ರು. ಹಾಗಾದ್ರೆ ಇಬ್ಬರಿಗೂ ಬಿಡಬಹುದಲ್ವಾ?"

ಅವರ ಡೀಸೆಲ್ ಬಂಕಿನ ಬಾಕಿ, ಲಾರಿಯ ಇಎಂಐ ಯಾವುದೂ 45 ದಿನ ಕಾಯುವುದಿಲ್ಲ. ಹಾಗಾಗಿ ಆ ಹಾಳೆಗಳನ್ನು ನಿಧಾನವಾಗಿ ನೋಡಿದೆವು. ಇಲ್ಲಿ ಅಂಕಿಗಳನ್ನು ಸರಳ ಮಾಡಿ, ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ. ಲೆಕ್ಕದ ಹಾದಿ ಮಾತ್ರ ಅದೇ.

ಎರಡು ರೇಶಿಯೋ, ಎರಡು ಪ್ರಶ್ನೆ

ಒಂದು ವರ್ಷದೊಳಗೆ ದುಡ್ಡಾಗುವ ಇಲ್ಲವೇ ಬಳಕೆಯಾಗಿ ಮುಗಿಯುವ ಆಸ್ತಿ ಚಾಲ್ತಿ ಆಸ್ತಿ. ಕೈಯಲ್ಲಿರುವ ನಗದು, ಬ್ಯಾಂಕಿನಲ್ಲಿರುವ ಹಣ, ಗಿರಾಕಿಗಳಿಂದ ಬರಬೇಕಾದ ಬಾಕಿ, ಗೋಡೌನಿನಲ್ಲಿರುವ ಸ್ಟಾಕು, ಮುಂಗಡ ಕಟ್ಟಿದ ಬಾಡಿಗೆ ಮತ್ತು ವಿಮೆ ಎಲ್ಲವೂ ಅದರಲ್ಲಿ ಬರುತ್ತವೆ. ಒಂದು ವರ್ಷದೊಳಗೆ ತೀರಿಸಬೇಕಾದದ್ದು ಚಾಲ್ತಿ ಹೊಣೆ. ಮಾಲು ಕೊಟ್ಟವರಿಗೆ ಕೊಡಬೇಕಾದದ್ದು, ಬ್ಯಾಂಕಿನ ಸಿಸಿ ಅಂದರೆ ಕ್ಯಾಶ್ ಕ್ರೆಡಿಟ್ ಸಾಲ, ಮುಂದಿನ 12 ತಿಂಗಳಲ್ಲಿ ಕಟ್ಟಬೇಕಾದ ಟರ್ಮ್ ಲೋನ್ ಕಂತು, ಸಂಬಳ ಮತ್ತು ತೆರಿಗೆ ಬಾಕಿ ಇದರಲ್ಲಿ ಸೇರುತ್ತವೆ.

```
ಕರೆಂಟ್ ರೇಶಿಯೋ = ಚಾಲ್ತಿ ಆಸ್ತಿ ÷ ಚಾಲ್ತಿ ಹೊಣೆ
ಕ್ವಿಕ್ ರೇಶಿಯೋ = (ಚಾಲ್ತಿ ಆಸ್ತಿ − ಸ್ಟಾಕು − ಮುಂಗಡ ಕಟ್ಟಿದ ಖರ್ಚು) ÷ ಚಾಲ್ತಿ ಹೊಣೆ
```

ಕರೆಂಟ್ ರೇಶಿಯೋ ಕೇಳುವುದು ಇಷ್ಟು: ಇರುವ ಮಾಲೆಲ್ಲ ಮಾರಿ, ಬಾಕಿಯೆಲ್ಲ ವಸೂಲಾದರೆ ಈ ವರ್ಷದ ಸಾಲ ತೀರುತ್ತದಾ? ಕ್ವಿಕ್ ರೇಶಿಯೋ ಕೇಳುವುದು ಬೇರೆ: ಗೋಡೌನಿನಿಂದ ಒಂದು ಚೀಲವೂ ಮಾರಾಟವಾಗದಿದ್ದರೆ ಏನು ಗತಿ? ಪಠ್ಯಪುಸ್ತಕದಲ್ಲಿ ಮೊದಲನೆಯದಕ್ಕೆ 2, ಎರಡನೆಯದಕ್ಕೆ 1 ಇರಬೇಕು ಎಂದು ಓದಿರುತ್ತೀರಿ. ನಮ್ಮ ಊರಿನ ವ್ಯಾಪಾರಗಳನ್ನು ಆ ಅಳತೆಗೆ ಹಿಡಿದರೆ ಬಹಳಷ್ಟು ಒಳ್ಳೆಯ ವ್ಯಾಪಾರಗಳೇ ಫೇಲಾಗುತ್ತವೆ.

ಕರೆಂಟ್ ರೇಶಿಯೋ 1.33 ಆದರೂ ಇರಬೇಕು ಎಂದು ಬ್ಯಾಂಕಿನವರು ಹೇಳುತ್ತಾರಲ್ಲ, ಆ ಅಂಕಿ ಬಂದದ್ದು ಬೇರೆ ಕಡೆಯಿಂದ. 1974ರಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ ಟಂಡನ್ ಸಮಿತಿ ಒಂದು ಮಾತು ಹೇಳಿತು: ಚಾಲ್ತಿ ಆಸ್ತಿಯ ಕಾಲು ಭಾಗವನ್ನಾದರೂ ವ್ಯಾಪಾರಿ ತನ್ನ ಬಂಡವಾಳ ಅಥವಾ ದೀರ್ಘಾವಧಿ ಸಾಲದಿಂದ ತರಬೇಕು. 100 ರೂಪಾಯಿ ಆಸ್ತಿಯಲ್ಲಿ 25 ಹೀಗೆ ಬಂದರೆ ಚಾಲ್ತಿ ಹೊಣೆ 75ಕ್ಕೆ ನಿಲ್ಲುತ್ತದೆ. 100ನ್ನು 75ರಿಂದ ಭಾಗಿಸಿದರೆ 1.33. ಚಿಕ್ಕ ಉದ್ದಿಮೆಗಳಿಗೆ ನಾಯಕ್ ಸಮಿತಿಯ ಲೆಕ್ಕ ಬಂತು. ಅದರಲ್ಲಿ ವರ್ಷದ ವಹಿವಾಟಿನ 25% ದುಡಿಯುವ ಬಂಡವಾಳ, ಅದರಲ್ಲಿ ವಹಿವಾಟಿನ 20% ಬ್ಯಾಂಕಿನದು, 5% ವ್ಯಾಪಾರಿಯದು. 25ನ್ನು 20ರಿಂದ ಭಾಗಿಸಿದರೆ 1.25. ಇದನ್ನು ಯಾಕೆ ಹೇಳಿದೆನೆಂದರೆ, ಈ ಅಂಕಿಗಳು ಬ್ಯಾಂಕ್ ಎಷ್ಟು ಸಾಲ ಕೊಡಬಹುದು ಎಂದು ಅಳೆಯಲು ಹುಟ್ಟಿದವು. ಬ್ಯಾಂಕಿನ ಹತ್ತಿರ ಆ ಸ್ಟಾಕು ಅಡವು ಇರುತ್ತದೆ. ಲಾರಿ ಮಾಲೀಕರ ಹತ್ತಿರ ಏನಿರುತ್ತದೆ? ಒಂದು ಬಾಡಿಗೆ ಬಿಲ್ಲು ಅಷ್ಟೇ. ಬ್ಯಾಂಕಿಗೆ ಸಾಕಾದ ರೇಶಿಯೋ ಇವರಿಗೂ ಸಾಕು ಎಂದು ಹೇಳಲು ಆಗುವುದಿಲ್ಲ.

ಭಾಗಿಸುವ ಮೊದಲು ಹಾಳೆ ಸರಿ ಮಾಡಿಕೊಳ್ಳಿ

ಒಬ್ಬರೇ ನಡೆಸುವ ಅಂಗಡಿ, ಪಾಲುದಾರಿಕೆಯ ಮಂಡಿಗಳ ಬ್ಯಾಲೆನ್ಸ್ ಶೀಟು ಎಡ ಬಲ ಎರಡು ಕಾಲಮ್ಮಿನಲ್ಲಿರುತ್ತದೆ. ಎಡಗಡೆ "ಸಾಲಗಳು" ಎಂಬ ಒಂದೇ ತಲೆಬರಹದಡಿ ಸಿಸಿ ಸಾಲ, ವಾಹನ ಸಾಲ, ಅಣ್ಣತಮ್ಮಂದಿರ ಕೈಸಾಲ ಎಲ್ಲ ಸೇರಿಕೊಂಡಿರುತ್ತವೆ. "ಚಾಲ್ತಿ ಹೊಣೆ" ಎಂಬ ತಲೆಬರಹದಡಿ ಮಾಲು ಕೊಟ್ಟವರ ಬಾಕಿ ಮಾತ್ರ ಇರುತ್ತದೆ. ಆ ತಲೆಬರಹ ನಂಬಿ ಭಾಗಿಸಿದರೆ ತಪ್ಪುತ್ತದೆ. ನಮ್ಮ ಅಡಿಕೆ ವ್ಯಾಪಾರಿಯ ಚಾಲ್ತಿ ಆಸ್ತಿ 150 ಲಕ್ಷ. 60 ಲಕ್ಷದ ಸಿಸಿ ಸಾಲವನ್ನು ಬಿಟ್ಟು ಭಾಗಿಸಿದರೆ ಹೊಣೆ 40 ಲಕ್ಷ, ರೇಶಿಯೋ 3.75! ಸಿಸಿ ಎಂದರೆ ಬ್ಯಾಂಕು ಕೇಳಿದ ಕೂಡಲೇ ಕೊಡಬೇಕಾದ ಸಾಲ. ವರ್ಷ ವರ್ಷ ನವೀಕರಣವಾಗುತ್ತಾ ಹೋಗುತ್ತದೆ, ಯಾರೂ ಪೂರ್ತಿ ತೀರಿಸುವುದಿಲ್ಲ, ಅದು ನಿಜ. ಆದರೂ ಅದು ಚಾಲ್ತಿ ಹೊಣೆಯೇ.

ಬಲಗಡೆಯಲ್ಲೂ ಒಂದು ಸಾಲು ಹುಡುಕಬೇಕು: "ಸಾಲ ಮತ್ತು ಮುಂಗಡಗಳು". ಮಲೆನಾಡಿನಲ್ಲಿ ಅದರೊಳಗೆ ಚೇಣಿಗೆ ಕೊಟ್ಟ ಮುಂಗಡ ಇರಬಹುದು. ಮರದ ಮೇಲಿರುವ ಫಸಲಿಗೆ ಕೊಟ್ಟ ದುಡ್ಡು ಅದು. ಅದು ವಾಪಸ್ ಬರುವುದು ಅಡಿಕೆಯಾಗಿ, ನೋಟಾಗಿ ಅಲ್ಲ. ಕ್ವಿಕ್ ರೇಶಿಯೋ ಹಾಕುವಾಗ ಸ್ಟಾಕು ತೆಗೆದು ಈ ಮುಂಗಡವನ್ನು ಹಾಗೇ ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. ಇನ್ನೂ ಕೊಯ್ಯದ ಅಡಿಕೆ ಗೋಡೌನಿನ ಅಡಿಕೆಗಿಂತ ಬೇಗ ದುಡ್ಡಾಗಲು ಹೇಗೆ ಸಾಧ್ಯ?

ಕಂಪನಿಗಳಾದರೆ ಈ ಕಷ್ಟ ಕಡಿಮೆ. ಅವರ ಹಾಳೆಯಲ್ಲಿ ಚಾಲ್ತಿ ಮತ್ತು ಚಾಲ್ತಿಯಲ್ಲದ್ದು ಬೇರೆ ಬೇರೆಯಾಗಿಯೇ ಇರುತ್ತದೆ. ಕಂಪನಿ ಕಾಯ್ದೆಯ ಮೂರನೇ ಶೆಡ್ಯೂಲಿಗೆ 2021ರಲ್ಲಿ ತಿದ್ದುಪಡಿ ಬಂದ ಮೇಲೆ ಟಿಪ್ಪಣಿಯಲ್ಲಿ 11 ರೇಶಿಯೋ ಕೊಡಬೇಕು. ಹಿಂದಿನ ವರ್ಷಕ್ಕಿಂತ 25%ಕ್ಕೂ ಜಾಸ್ತಿ ಬದಲಾದರೆ ಕಾರಣ ಬರೆಯಬೇಕು. ಆ ಪಟ್ಟಿಯಲ್ಲಿ ಕರೆಂಟ್ ರೇಶಿಯೋ ಇದೆ, ಕ್ವಿಕ್ ರೇಶಿಯೋ ಇಲ್ಲ. ಹಾಗಾಗಿ ಕ್ವಿಕ್ ಬೇಕೆಂದರೆ ನೀವೇ ಕೂತು ಲೆಕ್ಕ ಹಾಕಬೇಕು.

ಎರಡು ಹಾಳೆ ಪಕ್ಕ ಪಕ್ಕ ಇಟ್ಟಾಗ

ಎಲ್ಲ ಸರಿ ಮಾಡಿಕೊಂಡ ಮೇಲೆ ಮಾರ್ಚ್ 31ರ ಅಂಕಿ ಹೀಗೆ ಬಂತು. ಎಲ್ಲವೂ ಲಕ್ಷಗಳಲ್ಲಿ.

| | ಅಡಿಕೆ ವ್ಯಾಪಾರ | ಯಂತ್ರದ ಅಂಗಡಿ |
|---|---|---|
| ನಗದು, ಬ್ಯಾಂಕು | 6 | 10 |
| ಗಿರಾಕಿಗಳ ಬಾಕಿ | 54 | 40 |
| ಸ್ಟಾಕು | 90 | 94 |
| ಮುಂಗಡ ಕಟ್ಟಿದ ಖರ್ಚು | – | 6 |
| ಚಾಲ್ತಿ ಆಸ್ತಿ | 150 | 150 |
| ಚಾಲ್ತಿ ಹೊಣೆ | 100 | 100 |
| ಕರೆಂಟ್ ರೇಶಿಯೋ | 1.5 | 1.5 |
| ಕ್ವಿಕ್ ರೇಶಿಯೋ | 0.6 | 0.5 |

ಕರೆಂಟ್ ರೇಶಿಯೋ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿತು. ಕ್ವಿಕ್ ರೇಶಿಯೋ ಇಬ್ಬರನ್ನೂ ಒಂದಕ್ಕಿಂತ ತುಂಬಾ ಕೆಳಗೆ ಇಳಿಸಿತು, ಆದರೆ ಅವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ತೋರಿಸಲಿಲ್ಲ. ಹಾಳೆಯ ಮೇಲೆ ನಿಂತು ಇನ್ನು ಮುಂದೆ ಹೋಗಲು ಆಗುವುದಿಲ್ಲ. ಎರಡು ರೇಶಿಯೋಗಳ ನಡುವಿನ ಅಂತರ ಹೆಚ್ಚುಕಡಿಮೆ ಪೂರ್ತಿ ಸ್ಟಾಕಿನದ್ದೇ. ಹಾಗಾಗಿ ಸ್ಟಾಕು ಬಿಚ್ಚಿ ನೋಡಬೇಕು.

ಅಡಿಕೆ ವ್ಯಾಪಾರಿಯ 90 ಲಕ್ಷ ಎಂದರೆ 200 ಕ್ವಿಂಟಲ್, ಸರಾಸರಿ ಅಸಲು ಕ್ವಿಂಟಲಿಗೆ 45,000. ಹೆಚ್ಚಿನದು ರಾಶಿ ಎಂಬ ದರ್ಜೆಯ ಅಡಿಕೆ, ಸ್ವಲ್ಪ ಬೆಟ್ಟೆ, ಒಂದಿಷ್ಟು ಗೊರಬಲು. ಲಾರಿ ಮಾಲೀಕರು ಲೋಡಿಗೆ ಹೋದಾಗ ಗೋಡೌನು ನೋಡಿದ್ದರು. ಮುಂದಿನ ಸಾಲಿನದ್ದು ಬಿಟ್ಟು ಗೋಡೆಯ ಪಕ್ಕದ, ತಳದ ಚೀಲ ಬಿಚ್ಚಿ ನೋಡಿದರಾ ಎಂದು ಕೇಳಿದೆ. ಇನ್ನೊಂದು ಲೋಡಿನ ದಿನ ನೋಡಿಕೊಂಡು ಬಂದರು. ನಾಲ್ಕು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಸೀಳಿದರಂತೆ. ಒಳಗೆ ಬೂಸ್ಟು ಇಲ್ಲ, ಹುಳ ಕೊರೆದ ಪುಡಿ ಇಲ್ಲ, ಚೀಲದ ತಳ ಕೈಗೆ ತಂಪು ಹತ್ತಲಿಲ್ಲ. ಈ ವರ್ಷದ್ದೇ ಅಡಿಕೆ. ಇಂಥ ಅಡಿಕೆಗೆ ಎಪಿಎಂಸಿ ಯಾರ್ಡಿನಲ್ಲಿ ದರ ಇರುತ್ತದೆ, ಮರುದಿನ ಪೇಪರಿನಲ್ಲೂ ಬರುತ್ತದೆ. 200 ಕ್ವಿಂಟಲ್ ಅಲ್ಲಿ ದೊಡ್ಡ ರಾಶಿಯೂ ಅಲ್ಲ. ಅವಸರಕ್ಕೆ ಅಸಲಿಗಿಂತ 10% ಕಡಿಮೆಗೆ ಕೊಟ್ಟರೂ ವಾರದೊಳಗೆ 81 ಲಕ್ಷ ಕೈಗೆ ಬರುತ್ತದೆ.

ಆದರೆ ಅದೇ ವ್ಯಾಪಾರಿಯ 54 ಲಕ್ಷದ ಬಾಕಿಯಲ್ಲಿ ಬೇರೆ ಕಥೆ ಇತ್ತು. ವರ್ಷದ ಮಾರಾಟ 7.5 ಕೋಟಿ. ಸರಾಸರಿ ಹಾಕಿದರೆ ಬಾಕಿ 26 ದಿನಕ್ಕೆ ವಸೂಲಾಗುತ್ತದೆ ಎಂದು ಕಾಣುತ್ತದೆ. ಎಷ್ಟು ಚೆನ್ನಾಗಿದೆ ಅಲ್ವಾ? ಬಿಲ್ಲುವಾರು ಪಟ್ಟಿ ತರಿಸಿದಾಗ 22 ಲಕ್ಷ 90 ದಿನ ದಾಟಿತ್ತು. ಉತ್ತರದ ಒಬ್ಬ ಖರೀದಿದಾರ ತೇವ ಜಾಸ್ತಿ, ಬಣ್ಣ ಸರಿಯಿಲ್ಲ ಎಂದು ಹಿಡಿದುಕೊಂಡಿದ್ದ ಹಣ. ಅದನ್ನು ತೆಗೆದರೆ ಬೇಗ ಬರುವುದು 32 ಲಕ್ಷ. ನಗದು 6 ಸೇರಿಸಿದರೆ 38. ನಿಜವಾದ ಕ್ವಿಕ್ ರೇಶಿಯೋ 0.6 ಅಲ್ಲ, 0.38.

ಇಲ್ಲೇ ನನಗೆ ಮುಖ್ಯ ಅನ್ನಿಸುವ ಮಾತು ಇರುವುದು. ಕ್ವಿಕ್ ರೇಶಿಯೋ ಒಂದು ನಂಬಿಕೆಯ ಮೇಲೆ ನಿಂತಿದೆ: ಗಿರಾಕಿಯ ಬಾಕಿ ಬೇಗ ಬರುತ್ತದೆ, ಸ್ಟಾಕು ನಿಧಾನ. ಕಾರ್ಖಾನೆಗಳ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ನಿಜ. ಸ್ಟಾಕು ಮೊದಲು ಮಾರಾಟವಾಗಬೇಕು, ಆಮೇಲೆ ಬಾಕಿಯಾಗಬೇಕು, ಆಮೇಲೆ ದುಡ್ಡು. ಅಡಿಕೆಯಲ್ಲಿ ಇದು ತಿರುಗಾಮುರುಗಾ ಆಗಬಹುದು. ಗೋಡೌನಿನ ಚೀಲಕ್ಕೆ ಇಲ್ಲೇ ಸಾಗರ ರಸ್ತೆಯಲ್ಲಿ ಕೊಳ್ಳುವವರಿದ್ದಾರೆ. ದೂರದೂರಿನಲ್ಲಿ ಸಿಕ್ಕಿಕೊಂಡ ಬಾಕಿಗೆ ಫೋನು ಮಾಡಿ ಕಾಯುವುದೊಂದೇ ದಾರಿ. ಕ್ವಿಕ್ ರೇಶಿಯೋ ಬೇಗ ದುಡ್ಡಾಗುವುದನ್ನು ತೆಗೆದು, ನಿಧಾನದ್ದನ್ನು ಉಳಿಸಿಕೊಂಡಿತು.

ಈಗ ಯಂತ್ರದ ಅಂಗಡಿ. 94 ಲಕ್ಷದ ಸ್ಟಾಕು. ಮಾರಿದ ಮಾಲಿನ ಅಸಲು ವರ್ಷಕ್ಕೆ 1.88 ಕೋಟಿ. ಎಂದರೆ ಅಂಗಡಿಗೆ ಬಂದ ಮಾಲು ಸರಾಸರಿ ಆರು ತಿಂಗಳು ಕೂರುತ್ತದೆ. ಅಡಿಕೆ ವ್ಯಾಪಾರಿಯಲ್ಲಿ ಇದೇ ಲೆಕ್ಕ ಸುಮಾರು 46 ದಿನ. ಪಟ್ಟಿ ನೋಡಿದರೆ 30 ಲಕ್ಷದ್ದು ಈಗ ಓಡುವ ಮಾಲು. ಉಳಿದ 64 ಲಕ್ಷದಲ್ಲಿ ಬಿಡಿಭಾಗಗಳು, ಎರಡು ಸೀಸನ್ ದಾಟಿದ ಹಳೆ ಮಾದರಿಯ ಸುಲಿಯುವ ಯಂತ್ರಗಳು, ತಯಾರಿಕೆ ನಿಂತುಹೋದ ಪಂಪುಗಳು. ಲಾರಿ ಮಾಲೀಕರಿಗೆ ಆ ಸುಲಿಯುವ ಯಂತ್ರಗಳ ಗುರುತು ಸಿಕ್ಕಿತು. "ಅವನ್ನ ನಾನೇ ತಂದು ಇಳಿಸಿದ್ದು ಅಕ್ಕ. ಪ್ಲಾಸ್ಟಿಕ್ ಕವರ್ ಇನ್ನೂ ಹಾಗೇ ಇದೆ" ಎಂದರು. ಬ್ಯಾಲೆನ್ಸ್ ಶೀಟಿನಲ್ಲಿ ಅವು ಕೊಂಡ ಬೆಲೆಗೇ ನಿಂತಿದ್ದವು.

ಹಾಗೆ ನಿಲ್ಲಬಾರದು. ಲೆಕ್ಕದ ನಿಯಮದ ಪ್ರಕಾರ ಸ್ಟಾಕನ್ನು ಅಸಲು ಬೆಲೆ ಅಥವಾ ಮಾರಿದರೆ ಖರ್ಚು ಕಳೆದು ಸಿಗುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಬರೆಯಬೇಕು. ಹಳೆ ಮಾಲನ್ನು ಅಸಲಿಗೇ ಬರೆದುಕೊಂಡು ಹೋಗುವುದು ಚಿಕ್ಕ ಅಂಗಡಿಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ತಪ್ಪು. ಅದರಿಂದ ಕರೆಂಟ್ ರೇಶಿಯೋ ವರ್ಷದಿಂದ ವರ್ಷಕ್ಕೆ ಚೆಂದ ಕಾಣುತ್ತದೆ, ಕಪಾಟಿನ ಧೂಳು ಅದರಲ್ಲಿ ಕಾಣುವುದಿಲ್ಲ. ಇದನ್ನು ಹಿಡಿಯಲು ಸುಲಭದ ದಾರಿ ಒಂದಿದೆ. ಎರಡು ಮೂರು ವರ್ಷದ ಹಾಳೆ ಪಕ್ಕದಲ್ಲಿಡಿ. ಮಾರಾಟ ಅಷ್ಟೇ ಇದ್ದು ಸ್ಟಾಕು ಮಾತ್ರ ಬೆಳೆಯುತ್ತಿದ್ದರೆ, ರೇಶಿಯೋ ಏರಿದರೂ ಅಂಗಡಿಯ ಸ್ಥಿತಿ ಇಳಿಯುತ್ತಿದೆ.

ಅವರ ಗಿರಾಕಿ ಬಾಕಿ 40 ಲಕ್ಷದಲ್ಲಿ 28 ಲಕ್ಷ ಎರಡು ತಿಂಗಳಲ್ಲಿ ಬರುವಂಥದ್ದು. 12 ಲಕ್ಷ "ಮುಂದಿನ ಕೊಯ್ಲಿಗೆ ಕೊಡ್ತೇನೆ" ಎಂದ ಬೆಳೆಗಾರರದ್ದು. ಅವರು ಕೊಡುತ್ತಾರೆ, ನನಗೆ ಸಂಶಯವಿಲ್ಲ. ಆದರೆ ಜೂನ್ ತಿಂಗಳ ಲಾರಿ ಬಾಡಿಗೆಗೆ ಡಿಸೆಂಬರಿನ ದುಡ್ಡು ಬರುವುದಿಲ್ಲ. ನಗದು 10, ಬಾಕಿ 28, ಒಟ್ಟು 38. ಇಲ್ಲೂ 0.38 ಬಂತು. ಇಬ್ಬರದ್ದೂ ಮತ್ತೆ ಸಮ.

ಸಮ ಇಲ್ಲದ್ದು ಒಂದೇ, ಸ್ಟಾಕು. ಅಡಿಕೆ ವ್ಯಾಪಾರಿಗೆ 38ರ ಮೇಲೆ 81 ಸೇರಿದರೆ 119 ಲಕ್ಷ. 100 ಲಕ್ಷದ ಹೊಣೆಗೆ 1.19. ಅಂಗಡಿಯವರು ಓಡುವ 30 ಲಕ್ಷದ ಮಾಲನ್ನು 10% ಕಡಿಮೆಗೆ ಕೊಟ್ಟರೆ 27. ಒಟ್ಟು 65 ಲಕ್ಷ, 0.65. ಉಳಿದದ್ದಕ್ಕೆ ಅವಸರದಲ್ಲಿ ಗಿರಾಕಿ ಸಿಗುವುದಿಲ್ಲ ಎಂದೇ ಇಟ್ಟುಕೊಂಡಿದ್ದೇನೆ. ಇದಕ್ಕೆ ಪುಸ್ತಕದಲ್ಲಿ ಹೆಸರಿಲ್ಲ. ಯಾವುದು ಎಷ್ಟು ದಿನಕ್ಕೆ ದುಡ್ಡಾಗುತ್ತದೆ ಎಂದು ಸಾಲುಸಾಲಾಗಿ ಕೇಳಿ ಹಾಕಿದ ಲೆಕ್ಕ ಅಷ್ಟೇ.

ಹಾಗಾದರೆ ಯಾವುದನ್ನು ಯಾವಾಗ ನೋಡುವುದು

ನಾನು ಹೀಗೆ ಮಾಡುತ್ತೇನೆ. ಸ್ಟಾಕಿಗೆ ದಿನದ ದರ ಇದ್ದು, ಯಾರಿಗೆ ಬೇಕಾದರೂ ಮಾರಬಹುದಾದರೆ ಕರೆಂಟ್ ರೇಶಿಯೋಗೆ ಹೆಚ್ಚು ತೂಕ ಕೊಡುತ್ತೇನೆ. ಅಡಿಕೆ, ಕಾಳುಮೆಣಸು, ಚಿನ್ನ ಈ ಸಾಲಿನವು. ಅಲ್ಲಿ ಕ್ವಿಕ್ ರೇಶಿಯೋ 0.5 ಇದ್ದರೂ ಗಾಬರಿಯಾಗುವುದಿಲ್ಲ. ಬಾಕಿ ಪಟ್ಟಿ ಮಾತ್ರ ತಪ್ಪದೆ ನೋಡುತ್ತೇನೆ.

ಸ್ಟಾಕು ಒಬ್ಬನೇ ಗಿರಾಕಿಗೆ ಕಟ್ಟಿಹಾಕಿಕೊಂಡಿದ್ದರೆ ಕ್ವಿಕ್ ರೇಶಿಯೋವನ್ನೇ ನಂಬುತ್ತೇನೆ. ಮಾಚೇನಹಳ್ಳಿ ಕಡೆಯ ಫೌಂಡ್ರಿಗಳನ್ನು ತೆಗೆದುಕೊಳ್ಳಿ. ವಾಹನ ಕಂಪನಿಯ ಡ್ರಾಯಿಂಗಿಗೆ ಸರಿಯಾಗಿ ಎರಕ ಹೊಯ್ದ ಭಾಗ ಅರ್ಧ ಮಷೀನಿಂಗ್ ಆಗಿ ನಿಂತಿದೆ. ಆ ಕಂಪನಿ ಆರ್ಡರು ತಡೆದರೆ ಬೇರೆ ಯಾರಿಗೂ ಅದು ಬೇಡ. ಮತ್ತೆ ಕರಗಿಸುವ ಗುಜರಿ ಬೆಲೆ ಮಾತ್ರ ಅದಕ್ಕೆ. ಯಂತ್ರದ ಅಂಗಡಿ, ಹಾರ್ಡ್‌ವೇರ್, ಬಟ್ಟೆ ಅಂಗಡಿಗಳಲ್ಲೂ ಕ್ವಿಕ್ ರೇಶಿಯೋದಿಂದ ಶುರು ಮಾಡಿ, ಓಡುವ ಮಾಲನ್ನಷ್ಟೇ ಮೇಲೆ ಸೇರಿಸುವುದು ಕ್ಷೇಮ.

ಲಾರಿ ವ್ಯವಹಾರ, ಹೋಂಸ್ಟೇ, ಟ್ಯೂಷನ್ ಸೆಂಟರ್ ಇಂಥವಕ್ಕೆ ಸ್ಟಾಕೇ ಇಲ್ಲ. ಎರಡೂ ರೇಶಿಯೋ ಹೆಚ್ಚುಕಡಿಮೆ ಒಂದೇ ಬರುತ್ತದೆ, ಆಯ್ಕೆಯ ಪ್ರಶ್ನೆಯೇ ಇಲ್ಲ. ದಿನಸಿ ಅಂಗಡಿಯ ಕ್ವಿಕ್ ರೇಶಿಯೋ ತೀರಾ ಕಡಿಮೆ ಇದ್ದರೂ ಮಾಲು ಕೆಲವೇ ದಿನದಲ್ಲಿ ರೊಕ್ಕಕ್ಕೆ ಮಾರಾಟವಾಗುವುದರಿಂದ ಗಾಡಿ ಓಡುತ್ತದೆ.

ಒಂದೇ ವ್ಯವಹಾರ, ಎರಡು ದಿಕ್ಕು

ಎರಡನ್ನೂ ಹಾಕಿ ನೋಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಮಾರ್ಚ್ ಕೊನೆಯ ವಾರದಲ್ಲಿ ಅಡಿಕೆ ವ್ಯಾಪಾರಿ 30 ಲಕ್ಷ ಬಾಕಿ ವಸೂಲು ಮಾಡಿ, ಅದೇ ದುಡ್ಡಿನಲ್ಲಿ ಬೆಳೆಗಾರರ 30 ಲಕ್ಷ ತೀರಿಸಿದರು ಎಂದುಕೊಳ್ಳಿ. ಆಸ್ತಿ 120, ಹೊಣೆ 70. ಕರೆಂಟ್ ರೇಶಿಯೋ 1.5ರಿಂದ 1.71ಕ್ಕೆ ಏರಿತು. ಕ್ವಿಕ್ ರೇಶಿಯೋ? ಮೊದಲು 100ಕ್ಕೆ 60 ಇತ್ತು, ಈಗ 70ಕ್ಕೆ 30. 0.6ರಿಂದ 0.43ಕ್ಕೆ ಇಳಿಯಿತು.

ಇದರಲ್ಲಿ ಮೋಸ ಏನೂ ಇಲ್ಲ, ಗಣಿತ ಅಷ್ಟೇ. ಒಂದಕ್ಕಿಂತ ಮೇಲಿರುವ ಭಾಗಲಬ್ಧದಲ್ಲಿ ಮೇಲಿನಿಂದಲೂ ಕೆಳಗಿನಿಂದಲೂ ಒಂದೇ ಮೊತ್ತ ಕಳೆದರೆ ಅದು ಏರುತ್ತದೆ. ಒಂದಕ್ಕಿಂತ ಕೆಳಗಿದ್ದರೆ ಇಳಿಯುತ್ತದೆ. ಆದರೆ ಮಾರ್ಚ್ 31ರ ಹಾಳೆ ಚೆನ್ನಾಗಿ ಕಾಣಲಿ ಎಂದು ಹೀಗೆ ಮಾಡುವವರಿದ್ದಾರೆ. ಏಪ್ರಿಲ್ ಮೊದಲ ವಾರದಲ್ಲಿ ಮತ್ತೆ ಸಾಲದ ಖರೀದಿ ಶುರುವಾಗುತ್ತದೆ. ಕರೆಂಟ್ ರೇಶಿಯೋ ಏರಿ ಕ್ವಿಕ್ ರೇಶಿಯೋ ಇಳಿದದ್ದು ಕಂಡರೆ ಏಪ್ರಿಲ್, ಮೇ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿ ನೋಡಿ.

ಅಡಿಕೆ ದರ ಬಿದ್ದರೆ

ಲಾರಿ ಮಾಲೀಕರು ಇಷ್ಟು ಕೇಳಿ ಅಡಿಕೆಯವರಿಗೆ ಬಿಡೋಣ ಎಂದು ಎದ್ದರು. ಇನ್ನೊಂದು ಲೆಕ್ಕ ಬಾಕಿ ಇದೆ ಎಂದು ಕೂರಿಸಿದೆ. ಸ್ಟಾಕಿಗೆ ದಿನದ ದರ ಇರುವುದು ಅನುಕೂಲ. ಆ ದರ ದಿನವೂ ಬದಲಾಗುವುದೇ ಅದರ ಅಪಾಯ.

ದರ ಕ್ವಿಂಟಲಿಗೆ 36,500ಕ್ಕೆ ಬಂದರೆ 200 ಕ್ವಿಂಟಲಿನ ಬೆಲೆ 73 ಲಕ್ಷ. ಚಾಲ್ತಿ ಆಸ್ತಿ 133, ಕರೆಂಟ್ ರೇಶಿಯೋ ಸರಿಯಾಗಿ 1.33. ಬ್ಯಾಂಕಿನ ಗೆರೆ ಮುಟ್ಟಿತು. ಈ ಇಳಿತದಲ್ಲಿ ಕ್ವಿಕ್ ರೇಶಿಯೋ 0.6ರಿಂದ ಒಂದು ಚೂರೂ ಅಲ್ಲಾಡುವುದಿಲ್ಲ, ಯಾಕೆಂದರೆ ಅದಕ್ಕೆ ಅಡಿಕೆ ಲೆಕ್ಕಕ್ಕೇ ಇಲ್ಲ.

ಆದರೆ ಪೆಟ್ಟು ಬೀಳುವುದು ಆ ಗೆರೆ ಮುಟ್ಟುವ ಮೊದಲೇ, ಡ್ರಾಯಿಂಗ್ ಪವರ್ ಮೂಲಕ. ಸಿಸಿ ಸಾಲ ಇರುವವರು ತಿಂಗಳು ತಿಂಗಳು ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕಲ್ಲ, ಅದರ ಮೇಲೆ ಎಷ್ಟು ಸಾಲ ಎತ್ತಬಹುದು ಎಂದು ಬ್ಯಾಂಕು ಲೆಕ್ಕ ಹಾಕುತ್ತದೆ. ಅದರಲ್ಲಿ ಸಾಲ ಕೊಡದೆ ಬಿಡುವ ಭಾಗಕ್ಕೆ ಮಾರ್ಜಿನ್ ಎನ್ನುತ್ತಾರೆ, ಅದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಇಲ್ಲಿ ಸ್ಟಾಕಿಗೆ 25%, ಬಾಕಿಗೆ 50% ಎಂದು ಹಿಡಿಯೋಣ. 90 ದಿನ ದಾಟಿದ ಬಾಕಿ ಲೆಕ್ಕಕ್ಕಿಲ್ಲ.

ಸ್ಟಾಕು 90ರಲ್ಲಿ ಇನ್ನೂ ದುಡ್ಡು ಕೊಡದ ಮಾಲು, ಅಂದರೆ ಬೆಳೆಗಾರರಿಗೆ ಕೊಡಬೇಕಾದ 30, ಕಳೆದರೆ 60. ಅದರ ಮುಕ್ಕಾಲು 45. ಬಾಕಿ 32ರ ಅರ್ಧ 16. ಒಟ್ಟು 61 ಲಕ್ಷ. ಎತ್ತಿರುವ ಸಾಲ 60. ಈಗಾಗಲೇ ಅಂಚಿನಲ್ಲಿದ್ದಾರೆ. ದರ 38,000ಕ್ಕೆ ಇಳಿದರೆ ಸ್ಟಾಕು 76. ಬೆಳೆಗಾರರ 30 ಕಳೆದು 46, ಅದರ ಮುಕ್ಕಾಲು 34.5. ಬಾಕಿಯ 16 ಸೇರಿ 50.5. ಬ್ಯಾಂಕು ಹೇಳುತ್ತದೆ, 9.5 ಲಕ್ಷ ಕಟ್ಟಿ ಸಾಲ ಇಳಿಸಿ. ಕೈಯಲ್ಲಿರುವುದು 6 ಲಕ್ಷ. ಆ ಹೊತ್ತಿಗೂ ಕರೆಂಟ್ ರೇಶಿಯೋ 1.36 ಎಂದೇ ತೋರಿಸುತ್ತಿರುತ್ತದೆ. ಬ್ಯಾಂಕಿಗೆ ಕಟ್ಟಲು ವ್ಯಾಪಾರಿ ಯಾರ ದುಡ್ಡು ತಡೆಯುತ್ತಾರೆ? ಅಡವಿಲ್ಲದವರದ್ದು. ಬೆಳೆಗಾರರದ್ದು, ಹಮಾಲರ ಮೇಸ್ತ್ರಿಯದ್ದು, ಲಾರಿಯವರದ್ದು.

ನಾನು ಹಾಕಿದ 1.19 ಕೂಡ ಹೀಗೇ ಕರಗುತ್ತದೆ. ಸ್ಟಾಕು 76 ಆಗಿ, ಅವಸರಕ್ಕೆ ಅದರಲ್ಲೂ 10% ಕಡಿಮೆಯಾದರೆ 68. ಅದಕ್ಕೆ 38 ಸೇರಿಸಿ 106. ಇನ್ನೂ ಒಂದರ ಮೇಲೇ ಇದೆ, ಆದರೆ ಸಿಕ್ಕಿಕೊಂಡ 22 ಲಕ್ಷದ ಜೊತೆಗೆ ಇನ್ನೊಬ್ಬ ಖರೀದಿದಾರ ತಡ ಮಾಡಿದರೆ ಅದೂ ಉಳಿಯುವುದಿಲ್ಲ.

ಕೊನೆಗೆ ಅವರು ಹೀಗೆ ತೀರ್ಮಾನ ಮಾಡಿದರು. ಅಡಿಕೆಯವರಿಗೆ 45 ಅಲ್ಲ, 30 ದಿನ. ಒಮ್ಮೆಗೆ 2 ಲಕ್ಷಕ್ಕಿಂತ ಜಾಸ್ತಿ ನಿಲ್ಲಬಾರದು. ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನ ಒಂದು ಪ್ರತಿ ಪ್ರತಿ ತಿಂಗಳು ತಮಗೂ ಕೊಡಬೇಕು. ದರ 40,000ದ ಕೆಳಗೆ ಬಂದರೆ ಮತ್ತೆ ಇಳಿಸಿದ ಕೂಡಲೇ ರೊಕ್ಕ. ಅಡಿಕೆಯವರು ಒಪ್ಪಿದರು. ಯಂತ್ರದ ಅಂಗಡಿಗೆ ಅರ್ಧ ಬಾಡಿಗೆ ಇಳಿಸುವ ಮೊದಲು, ಇನ್ನರ್ಧ 15 ದಿನಕ್ಕೆ. ಅಂಗಡಿಯವರಿಗೆ ಸ್ವಲ್ಪ ಬೇಸರವಾಯಿತಂತೆ. ಆದರೆ ಹಳೆ ಸುಲಿಯುವ ಯಂತ್ರಗಳನ್ನು ಕೊಯ್ಲಿನ ಮುಂಚೆ ಕಡಿಮೆ ಬೆಲೆಗೆ ಬಿಟ್ಟು ದುಡ್ಡು ಮಾಡಿಕೊಳ್ಳುತ್ತೇನೆ ಎಂದರಂತೆ. ಹಾಗೆ ಮಾಡಿದರೆ ಅವರ ಕರೆಂಟ್ ರೇಶಿಯೋ ಇಳಿಯುತ್ತದೆ, ಕ್ವಿಕ್ ರೇಶಿಯೋ ಏರುತ್ತದೆ. ಸೆಪ್ಟೆಂಬರಿನಲ್ಲಿ ಹಾಳೆ ಮತ್ತೆ ತನ್ನಿ ಎಂದು ಹೇಳಿ ಕಳಿಸಿದ್ದೇನೆ.